ಚೌಕಳಿ ಶರ್ಟು: ಕತ್ತರಿ ಹಾಕುವ ಮುಂಚೆ ಬಟ್ಟೆ ಎಷ್ಟು ಬೇಕು?



ಹೊಲಿಗೆ ತರಬೇತಿ ಮುಗಿಸಿ ಮನೆಯಲ್ಲೇ ಮಿಷನ್ ಇಟ್ಟುಕೊಂಡಿರುವ ಮಂಡ್ಯ ಗುತ್ತಲಿನ ಒಬ್ಬ ಸಹೋದರಿ ಒಂದು ಸಂಜೆ ಶರ್ಟೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಕ್ರಿಸ್ಮಸ್ಸಿಗೆಂದು ಹೊಲಿಯಲು ಕೊಟ್ಟಿದ್ದ ಶರ್ಟು ಅದು. "ಹೊಲಿಗೆ ಚೆನ್ನಾಗೈತೆ ಅಂತಾರೆ ಕಣಕ್ಕ, ಆದ್ರೆ ತೊಟ್ಕೊಳಲ್ಲ ಅಂತಾರೆ. ಯಾಕೆ ಅಂದ್ರೆ ಅವರಿಗೂ ಹೇಳಕ್ ಬರಲ್ಲ" ಎಂದರು. ಶರ್ಟನ್ನು ಮೇಜಿನ ಮೇಲೆ ಹರಡಿ ನೋಡಿದೆವು. ಹೊಲಿಗೆ ನಿಜಕ್ಕೂ ನೇರವಾಗಿತ್ತು, ಕಾಲರ್ ತುದಿ ಚೂಪಾಗಿತ್ತು, ಕಾಜಾ ಒಂದೇ ಸಮ. ಬಟ್ಟೆ ಮಾತ್ರ ದೊಡ್ಡ ಚೌಕಳಿಯದು. ಗುಂಡಿ ಹಾಕಿದರೆ ಎಡಗಡೆಯ ಅಡ್ಡಗೀರು ಬಲಗಡೆಯದಕ್ಕಿಂತ ಒಂದು ಇಂಚು ಮೇಲೆ ನಿಂತಿತ್ತು. ಜೇಬು ಬೇರೆ ಬಟ್ಟೆಯ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತಿತ್ತು. ಒಂದು ತೋಳಿನ ನಡುವೆ ಕಪ್ಪು ಗೀರು, ಇನ್ನೊಂದರ ನಡುವೆ ಬಿಳಿ.

"ಎಷ್ಟು ಬಟ್ಟೆ ಕೊಟ್ಟಿದ್ರು?" ಎಂದು ಕೇಳಿದೆವು. ಒಂದು ಮುಕ್ಕಾಲು ಮೀಟರ್. ಅವರಿಗೆ ಯಾವಾಗಲೂ ಅಷ್ಟೇ ಬಟ್ಟೆಯಂತೆ, ಪ್ಲೇನ್ ಬಟ್ಟೆಗೂ ಅಷ್ಟೇ. ತಪ್ಪು ನಡೆದದ್ದು ಮಿಷನ್ನಿನ ಮೇಲಲ್ಲ. ಅಂಗಡಿಯಲ್ಲಿ ಬಟ್ಟೆ ಅಳೆಯುವಾಗಲೇ ಅರ್ಧ ನಡೆದುಹೋಗಿತ್ತು, ಉಳಿದರ್ಧ ಕತ್ತರಿ ಹಾಕುವಾಗ. ಆ ಸಹೋದರಿ ಕೈಯಿಂದ ಹಣ ಹಾಕಿ ಬೇರೆ ಬಟ್ಟೆ ತಂದು ಹೊಲಿದು ಕೊಡಬೇಕಾಯಿತು. ಮೂರು ಶರ್ಟಿನ ಕೂಲಿ ಅದಕ್ಕೇ ಹೋಯಿತು. ಆದ್ದರಿಂದ ಈ ಸಲದ ಪಾಠ ಚೌಕಳಿಯ ಲೆಕ್ಕ.

ಮೊದಲು ಸುತ್ತು ಅಳೆಯಿರಿ

ಚೌಕಳಿ ಬಟ್ಟೆಯಲ್ಲಿ ಒಂದು ಗೀರು ಹಿಡಿದು ಕೆಳಕ್ಕೆ ಹೋದರೆ, ಅದೇ ಬಣ್ಣದ ಅದೇ ದಪ್ಪದ ಗೀರು ಮತ್ತೆ ಬರುತ್ತದೆ. ಅಲ್ಲಿಂದ ಡಿಸೈನು ಪುನಃ ಶುರು. ಮೊದಲ ಗೀರಿನ ನಡುವಿನಿಂದ ಎರಡನೆಯದರ ನಡುವಿನವರೆಗಿನ ಅಳತೆಯನ್ನು ನಾವು ಒಂದು 'ಸುತ್ತು' ಎಂದು ಕರೆಯೋಣ. ಉದ್ದಕ್ಕೆ ಒಂದು ಸುತ್ತು ಇರುತ್ತದೆ, ಅಗಲಕ್ಕೆ ಇನ್ನೊಂದು. ಎರಡೂ ಒಂದೇ ಆಗಿರಬೇಕೆಂದೇನೂ ಇಲ್ಲ. ಆ ಕ್ರಿಸ್ಮಸ್ ಶರ್ಟಿನ ಬಟ್ಟೆಯಲ್ಲಿ ಉದ್ದದ ಸುತ್ತು 4 ಇಂಚು, ಅಗಲದ ಸುತ್ತು 3 ಇಂಚು ಇತ್ತು. ಕಣ್ಣಿಗೆ ಕಾಣುವ ಒಂದು ಚೌಕವೇ ಸುತ್ತು ಎಂದುಕೊಳ್ಳಬೇಡಿ. ನಡುವೆ ತೆಳ್ಳಗೆ ಕೆಂಪು ಎಳೆಯೊಂದು ಒಂದು ಚೌಕ ಬಿಟ್ಟು ಒಂದು ಚೌಕಕ್ಕೆ ಓಡಿದ್ದರೆ ಸುತ್ತು ಎರಡರಷ್ಟಾಗುತ್ತದೆ.

ಎರಡನೆಯ ಪರೀಕ್ಷೆ ಮಡಚಿ ನೋಡುವುದು. ಎದ್ದು ಕಾಣುವ ಒಂದು ಗೀರಿನ ನಟ್ಟನಡುವೆ ಬಟ್ಟೆಯನ್ನು ಮಡಚಿ. ಮೇಲಿನ ಪದರದ ಗೀರುಗಳೆಲ್ಲ ಕೆಳಗಿನವುಗಳ ಮೇಲೆ ಸರಿಯಾಗಿ ಕುಳಿತರೆ ಅದು ಸಮ ಚೌಕಳಿ. ಕೂರದಿದ್ದರೆ ಅದಕ್ಕೆ ಎಡ ಬಲ ಅಥವಾ ಮೇಲು ಕೆಳಗು ಇದೆ ಎಂದು ಅರ್ಥ. ಉದ್ದಕ್ಕೂ ಮಡಚಿ ನೋಡಿ, ಅಡ್ಡಕ್ಕೂ ಮಡಚಿ ನೋಡಿ. ಮೇಲು ಕೆಳಗು ಇರುವ ಬಟ್ಟೆಯಲ್ಲಿ ಎಲ್ಲಾ ತುಂಡುಗಳ ಕೆಳ ಅಂಚೂ ಒಂದೇ ದಿಕ್ಕಿಗೆ ಇರಬೇಕು. ಪ್ಲೇನ್ ಬಟ್ಟೆಯಲ್ಲಿ ಜಾಗ ಉಳಿಸಲು ಒಂದು ತೋಳನ್ನು ತಲೆಕೆಳಗು ಮಾಡುತ್ತೇವಲ್ಲ, ಅದು ಇಲ್ಲಿ ನಡೆಯದು. ಎಡ ಬಲ ಇರುವ ಬಟ್ಟೆಯಲ್ಲಿ ಕಾಲರಿನ ಎರಡು ತುದಿ ಒಂದೇ ಥರ ಬರುವುದೇ ಇಲ್ಲ. ಅಂಥ ಬಟ್ಟೆಯನ್ನು ಹೊಸಬರು ಒಪ್ಪಿಕೊಳ್ಳದಿರುವುದೇ ವಾಸಿ.

ಬರೀ ಗೀರಿನ ಬಟ್ಟೆಯಾದರೆ ಕೆಲಸ ಹಗುರ. ಉದ್ದಗೀರಿನ ಬಟ್ಟೆಯಲ್ಲಿ ಮೇಲೆ ಕೆಳಗೆ ಹೊಂದಿಸುವ ಮಾತೇ ಇಲ್ಲ. ಮುಂಭಾಗದ ನಡು, ಜೇಬು, ಕಾಲರ್, ತೋಳಿನ ನಡು ಇಷ್ಟನ್ನು ಅಗಲದಲ್ಲಿ ನೋಡಿಕೊಂಡರೆ ಸಾಕು. ಅಡ್ಡಗೀರಿನದಾದರೆ ಚೌಕಳಿಯ ಉದ್ದದ ಲೆಕ್ಕವೇ ಅದಕ್ಕೂ.

ಒಂದು ಶರ್ಟಿನ ಲೆಕ್ಕ

ಈಗ ಆ ಶರ್ಟನ್ನೇ ಲೆಕ್ಕ ಹಾಕೋಣ. ಎದೆ 38, ಉದ್ದ 29, ಅರ್ಧ ತೋಳು. ಬಟ್ಟೆಯ ಅಗಲ 36 ಇಂಚು. ಎರಡು ಕಡೆಯ ಅಂಚು ಬಿಟ್ಟರೆ ಕೆಲಸಕ್ಕೆ ಸಿಗುವುದು 35. ಹೊಲಿಗೆಗೆ ಬಿಡುವುದು, ಕೆಳಮಡತೆ, ಗುಂಡಿ ಪಟ್ಟಿ ಎಲ್ಲಾ ಸೇರಿಸಿ ಒಂದೊಂದು ಮುಂಭಾಗ 14 ಇಂಚು ಅಗಲ, 30 ಇಂಚು ಉದ್ದ. ಬೆನ್ನಿನ ಭಾಗ 23 ಅಗಲ, 28 ಉದ್ದ. ತೋಳು ಒಂದೊಂದು 17½ ಅಗಲ, 11 ಉದ್ದ.

ಪ್ಲೇನ್ ಬಟ್ಟೆಯಾದರೆ ಮೂರು ಸಾಲು. ಮೊದಲ ಸಾಲಿನಲ್ಲಿ ಎರಡು ಮುಂಭಾಗ ಪಕ್ಕಪಕ್ಕ, ಎರಡನೆಯದರಲ್ಲಿ ಬೆನ್ನು, ಮೂರನೆಯದರಲ್ಲಿ ಎರಡು ತೋಳು. 30, 28, 11 ಕೂಡಿದರೆ 69 ಇಂಚು. ಅಂದರೆ ಒಂದು ಮುಕ್ಕಾಲು ಮೀಟರ್. ಭುಜದ ಪಟ್ಟಿ, ಕಾಲರ್, ಜೇಬು ಪಕ್ಕದಲ್ಲಿ ಉಳಿಯುವ ತುಂಡಿನಲ್ಲೇ ಬರುತ್ತವೆ. ಗಿರಾಕಿ ಕೊಟ್ಟ ಬಟ್ಟೆ ಈ ಲೆಕ್ಕದ್ದು.

ಚೌಕಳಿಯಲ್ಲಿ ಏನಾಗುತ್ತದೆ ನೋಡಿ. ಮುಂಭಾಗದ ಕೆಳ ಅಂಚನ್ನು ಒಂದು ಅಡ್ಡಗೀರಿನ ಮೇಲೆ ಇಟ್ಟಿರಿ ಎನ್ನೋಣ, ಅದೇ ಸೊನ್ನೆ. ಮುಂಭಾಗ 30ಕ್ಕೆ ಮುಗಿಯಿತು. ಪಕ್ಕದ ಹೊಲಿಗೆಯಲ್ಲಿ ಮುಂಭಾಗದ ಅಡ್ಡಗೀರು ಬೆನ್ನಿನ ಅಡ್ಡಗೀರಿಗೆ ಸೇರಬೇಕಾದರೆ ಬೆನ್ನಿನ ಕೆಳ ಅಂಚೂ ಅಂಥದೇ ಗೀರಿನ ಮೇಲೆ ಕೂರಬೇಕು. 30ರ ನಂತರ ಆ ಗೀರು ಸಿಗುವುದು 32ಕ್ಕೆ. ಎರಡು ಇಂಚು ಹೋಯಿತು. ಬೆನ್ನು 32ರಿಂದ 60ರವರೆಗೆ.

ತೋಳಿಗೆ ಕೆಳ ಅಂಚಿನ ಲೆಕ್ಕ ಹಿಡಿಯಬಾರದು, ಅದು ಮುಂಭಾಗಕ್ಕೆ ಕೂಡುವ ಜಾಗದ ಲೆಕ್ಕ ಹಿಡಿಯಬೇಕು. ಮುಂಭಾಗದ ಕಂಕುಳ ತಿರುವಿನಲ್ಲಿ ಒಂದು ಕಚ್ಚು ಹಾಕುತ್ತೇವಲ್ಲ, ಅದು ಕೆಳ ಅಂಚಿನಿಂದ 22 ಇಂಚು ಮೇಲಿದೆ. ತೋಳಿನಲ್ಲಿ ಅದಕ್ಕೆ ಕೂಡುವ ಕಚ್ಚು ತೋಳಿನ ಕೆಳ ಅಂಚಿನಿಂದ 9 ಇಂಚು ಮೇಲಿದೆ. 22ನ್ನು ನಾಲ್ಕರಿಂದ ಭಾಗಿಸಿದರೆ ಉಳಿಯುವುದು 2, ಅಂದರೆ ಆ ಕಚ್ಚು ಗೀರಿನಿಂದ ಎರಡು ಇಂಚು ಮೇಲೆ. ತೋಳಿನ ಕಚ್ಚೂ ಗೀರಿನಿಂದ ಎರಡು ಇಂಚು ಮೇಲೆ ಬರಬೇಕು. ತೋಳನ್ನು 61ಕ್ಕೆ ಇಟ್ಟರೆ ಕಚ್ಚು 70ಕ್ಕೆ ಬರುತ್ತದೆ, 70ನ್ನು ನಾಲ್ಕರಿಂದ ಭಾಗಿಸಿದರೆ ಉಳಿಯುವುದು 2. ಸರಿಹೋಯಿತು. ಒಂದು ಇಂಚು ಮಾತ್ರ ನಷ್ಟ. ತೋಳು 72ಕ್ಕೆ ಮುಗಿಯುತ್ತದೆ.

ಇಲ್ಲಿವರೆಗೆ ನೋಡಿದರೆ ಹೆಚ್ಚಿಗೆ ಬೇಕಾದದ್ದು ಮೂರೇ ಇಂಚು. "ಇಷ್ಟೇನಾ?" ಎನಿಸುತ್ತದೆ. ಬಟ್ಟೆ ನುಂಗುವ ಜಾಗ ಬೇರೆ ಕಡೆ ಇದೆ, ಅಗಲದಲ್ಲಿ. ಎರಡೂ ತೋಳಿನ ನಡುಗೆರೆ ಒಂದೇ ಕಪ್ಪು ಗೀರಿನ ಮೇಲೆ ಬರಬೇಕು. ಹಾಗಾದರೆ ಎರಡು ನಡುಗೆರೆಗಳ ಮಧ್ಯೆ 3, 6, 9 ಹೀಗೆ ಮೂರರ ಲೆಕ್ಕದ ಅಂತರವೇ ಇರಬೇಕು. ತೋಳು 17½ ಅಗಲ, ಆದ್ದರಿಂದ ಅಂತರ 18 ಆಗಬೇಕು. ಎರಡು ಬದಿಯ ಅರ್ಧರ್ಧ ತೋಳು 8¾, 8¾ ಸೇರಿಸಿದರೆ ಒಟ್ಟು 35½. ನಮಗಿರುವುದು 35. ಅರ್ಧ ಇಂಚಿಗೆ ಸಾಲಲಿಲ್ಲ! ಪ್ಲೇನ್ ಬಟ್ಟೆಯಲ್ಲಿ ಪಕ್ಕಪಕ್ಕ ಮಲಗಿದ್ದ ತೋಳುಗಳು ಈಗ ಒಂದರ ಕೆಳಗೊಂದು ಹೋಗಬೇಕು. ಎರಡನೆಯ ತೋಳು ಒಂದು ಇಂಚು ಬಿಟ್ಟು 73ರಿಂದ 84ರವರೆಗೆ.

ಇದರ ಮೇಲೆ ಇನ್ನೊಂದು. ಅಂಗಡಿಯವರು ಥಾನಿನಿಂದ ಬಟ್ಟೆ ಕತ್ತರಿಸುವಾಗ ಗೀರು ನೋಡಿ ಕತ್ತರಿಸುವುದಿಲ್ಲ. ನಿಮಗೆ ಬೇಕಾದ ಗೀರು ಸಿಗುವವರೆಗೆ ಶುರುವಿನಲ್ಲೇ ಹೆಚ್ಚೆಂದರೆ ಒಂದು ಸುತ್ತು, ಅಂದರೆ 4 ಇಂಚು ಹೋಗಬಹುದು. ಒಟ್ಟು 88 ಇಂಚು. ಎರಡೂಕಾಲು ಮೀಟರಿಗೆ 88½ ಇಂಚು ಬರುತ್ತದೆ. ಹಾಗಾಗಿ ಈ ಶರ್ಟಿಗೆ ಎರಡೂಕಾಲು ಮೀಟರ್ ಬೇಕಿತ್ತು, ಕೊಟ್ಟಿದ್ದು ಅರ್ಧ ಮೀಟರ್ ಕಡಿಮೆ. ಮೀಟರಿಗೆ 200 ರೂಪಾಯಿಯ ಬಟ್ಟೆ ಎಂದಿಟ್ಟುಕೊಂಡರೆ ಗಿರಾಕಿಗೆ 100 ರೂಪಾಯಿ ಹೆಚ್ಚು. ಹತ್ತಿ ಬಟ್ಟೆಯಾದರೆ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು, ಅದು ಕುಗ್ಗುವುದಕ್ಕೆ ಇನ್ನೂ 10 ಸೆಂಟಿಮೀಟರ್ ಸೇರಿಸಿ ಹೇಳಿ. ಒಂದು ಸಮಾಧಾನ: ಒಂಟಿ ತೋಳಿನ ಪಕ್ಕದಲ್ಲಿ ಅಗಲವಾದ ತುಂಡು ಉಳಿಯುತ್ತದೆ. ಜೇಬಿಗೆ ಬೇಕಾದ ಚೌಕವನ್ನು ಹುಡುಕಿಕೊಳ್ಳಲು ಅಲ್ಲಿ ಬೇಕಾದಷ್ಟು ಜಾಗ.

ಇದೇ ಬಟ್ಟೆ 58 ಇಂಚು ಅಗಲದ್ದಾಗಿದ್ದರೆ ಕಥೆಯೇ ಬೇರೆ. ಮುಂಭಾಗ ಎರಡು, ಬೆನ್ನು ಒಂದು, ಮೂರೂ ಒಂದೇ ಸಾಲಿನಲ್ಲಿ ಇಕ್ಕಟ್ಟಾಗಿ ಕೂರುತ್ತವೆ. ಮೂರರ ಕೆಳ ಅಂಚೂ ಒಂದೇ ಗೀರಿನ ಮೇಲಿರುವುದರಿಂದ ಪಕ್ಕದ ಹೊಲಿಗೆ ತಾನಾಗಿಯೇ ಕೂಡುತ್ತದೆ. ತೋಳುಗಳೂ ಪಕ್ಕಪಕ್ಕ ಹಿಡಿಸುತ್ತವೆ. ಅಲ್ಲಿ ಹೆಚ್ಚಿಗೆ ಬೇಕಾಗುವುದು ಸುಮಾರು 20 ಸೆಂಟಿಮೀಟರ್ ಅಷ್ಟೇ. ಆದ್ದರಿಂದ "ಚೌಕಳಿಗೆ ಅರ್ಧ ಮೀಟರ್ ಜಾಸ್ತಿ" ಎಂದು ಬಾಯಿಪಾಠ ಮಾಡಿಕೊಳ್ಳಬೇಡಿ. ಎಷ್ಟು ಸಾಲು ಬರುತ್ತದೋ ಅಷ್ಟು ಸುತ್ತು ಸೇರಿಸಿ, ಆಮೇಲೆ ಪಕ್ಕಪಕ್ಕ ಇದ್ದ ಜೋಡಿ ಇನ್ನೂ ಪಕ್ಕಪಕ್ಕ ಹಿಡಿಸುತ್ತದೆಯೇ ಎಂದು ನೋಡಿ. ಹಿಡಿಸದಿದ್ದರೆ ಒಂದು ಸಾಲು ಪೂರಾ ಸೇರಿಸಿ. ಅರ್ಧ ಇಂಚಿನ ಪುಟ್ಟ ಚೌಕಳಿಯಲ್ಲಿ ಇದೆಲ್ಲ ಎರಡು ಮೂರು ಇಂಚಿನಲ್ಲಿ ಮುಗಿದುಹೋಗುತ್ತದೆ.

ಕತ್ತರಿಸುವುದು

ಮಡಚಿದ ಬಟ್ಟೆಯ ಮೇಲೆ ಎರಡು ಭಾಗ ಒಟ್ಟಿಗೆ ಕತ್ತರಿಸುವುದು ನಮ್ಮೆಲ್ಲರ ಅಭ್ಯಾಸ. ಚೌಕಳಿಯಲ್ಲಿ ಕೆಳಗಿನ ಪದರ ಕಣ್ಣಿಗೆ ಕಾಣುವುದಿಲ್ಲ, ಅದು ಜರುಗಿದ್ದು ಗೊತ್ತಾಗುವುದು ಕತ್ತರಿಸಿದ ಮೇಲೆಯೇ. ಆ ಸಹೋದರಿಯ ಮುಂಭಾಗ ಒಂದು ಇಂಚು ಏರುಪೇರಾದದ್ದು ಹೀಗೇ. ಬಟ್ಟೆಯನ್ನು ಒಂದೇ ಪದರವಾಗಿ ಹರಡಿ. ಎಡ ಮುಂಭಾಗವನ್ನು ಮೊದಲು ಕತ್ತರಿಸಿ. ಅದನ್ನೇ ಎತ್ತಿ, ಮಗುಚಿ, ಉಳಿದ ಬಟ್ಟೆಯ ಮೇಲೆ ಮುಖಕ್ಕೆ ಮುಖ ಕೊಟ್ಟು ಇಡಿ. ಗೀರಿನ ಮೇಲೆ ಗೀರು ಕೂತರೆ ಮೇಲಿನ ತುಂಡು ಬಟ್ಟೆಯೊಳಗೆ ಕರಗಿಹೋದ ಹಾಗೆ ಕಾಣುತ್ತದೆ. ಆಗ ಪಿನ್ನು ಚುಚ್ಚಿ ಬಲ ಮುಂಭಾಗ ಕತ್ತರಿಸಿ. ತೋಳಿಗೂ ಹೀಗೆಯೇ.

ಹೊಂದಿಸಬೇಕಾದದ್ದು ಹೊಲಿಗೆ ಬೀಳುವ ಗೆರೆಯಲ್ಲಿ, ಕತ್ತರಿಸಿದ ಅಂಚಿನಲ್ಲಲ್ಲ. ಇದನ್ನು ಮರೆತು ಎಷ್ಟೋ ಜನ ಬೆನ್ನು ಮುಂಭಾಗದ ಅಂಚಿಗೆ ಅಂಚು ಜೋಡಿಸಿ "ಉದ್ದಗೀರು ಸರಿಯಾಗೈತೆ" ಎನ್ನುತ್ತಾರೆ. ಎರಡೂ ಕಡೆ ಅರ್ಧರ್ಧ ಇಂಚು ಹೊಲಿಗೆಯೊಳಗೆ ಹೋದ ಮೇಲೆ ಒಂದು ಇಂಚು ಡಿಸೈನು ಮಾಯ. ಮುಂಭಾಗದಲ್ಲಿ ನೋಡಬೇಕಾದ ಗೆರೆ ಗುಂಡಿಗಳು ಕೂರುವ ನಡುಗೆರೆ. ಎರಡೂ ಮುಂಭಾಗದ ನಡುಗೆರೆ ಒಂದೇ ಗೀರಿನ ನಟ್ಟನಡುವೆ ಬಂದರೆ, ಗುಂಡಿ ಹಾಕಿದಾಗ ಗೀರಿನ ಮೇಲೆ ಗೀರು ಕೂರುತ್ತದೆ.

ಜೇಬಿಗೆ ಕಾಗದದ ಅಳತೆ ಮಾಡಿಕೊಳ್ಳಿ, ಅಂಚು ಮಡಚಿದ ಮೇಲಿನ ಅಳತೆ. ಕಾಗದವನ್ನು ಮುಂಭಾಗದ ಮೇಲೆ ಜೇಬು ಬರುವ ಜಾಗದಲ್ಲಿಟ್ಟು, ಸುತ್ತಲಿಂದ ಬರುವ ಗೀರುಗಳನ್ನು ಪೆನ್ಸಿಲಿನಿಂದ ಕಾಗದದ ಮೇಲೆ ಎಳೆಯಿರಿ. ಆಮೇಲೆ ಆ ಕಾಗದವನ್ನು ಉಳಿದ ತುಂಡಿನ ಮೇಲೆ ಜರುಗಿಸುತ್ತಾ ಹೋದರೆ ಪೆನ್ಸಿಲ್ ಗೆರೆ ಗೀರಿಗೆ ಕೂಡುವ ಜಾಗ ಸಿಗುತ್ತದೆ. ಅಲ್ಲಿ ಸುತ್ತಲೂ ಮಡತೆಗೆ ಬಿಟ್ಟು ಕತ್ತರಿಸಿ.

ಹೊಲಿಯುವಾಗ ಮಿಷನ್ನಿನ ಹಲ್ಲು ಕೆಳಗಿನ ಪದರವನ್ನು ಎಳೆದಷ್ಟು ಬೇಗ ಮೇಲಿನ ಪದರವನ್ನು ಎಳೆಯುವುದಿಲ್ಲ. ಕಂಕುಳಲ್ಲಿ ಸರಿಯಿದ್ದ ಗೀರು ಕೆಳಗೆ ಬರುವ ಹೊತ್ತಿಗೆ ಜಾರಿರುತ್ತದೆ. ಪ್ರತಿ ಅಡ್ಡಗೀರಿಗೂ ಒಂದು ಪಿನ್ನು ಚುಚ್ಚಿ, ಇಲ್ಲವೇ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ. ಇದಕ್ಕೆ ಹಿಡಿಯುವ ಹೊತ್ತನ್ನೂ ಕೂಲಿಯಲ್ಲಿ ಸೇರಿಸಿ. ಕೇಳಲು ಸಂಕೋಚ ಬೇಡ.

ಎಲ್ಲೆಲ್ಲಿ ಕೂಡುವುದಿಲ್ಲ

ಎಲ್ಲಾ ಕಡೆಯೂ ಹೊಂದಿಸುತ್ತೇನೆ ಎಂದು ಗಿರಾಕಿಗೆ ಮಾತು ಕೊಡಬೇಡಿ. ತೋಳು ಕೂಡುವ ಜಾಗ ದುಂಡಗಿದೆ. ಮುಂದಿನ ಕಚ್ಚಿನ ಬಳಿ ಒಂದೆರಡು ಗೀರು ಕೂಡುತ್ತದೆ, ಮೇಲೆ ಹೋದಂತೆ ಬಿಟ್ಟುಹೋಗುತ್ತದೆ. ಹಿಂದಿನ ಕಡೆ ಬಹುಪಾಲು ಕೂಡುವುದೇ ಇಲ್ಲ. ಭುಜದ ಹೊಲಿಗೆ ಇಳಿಜಾರು, ಅಲ್ಲಿಯೂ ಅಷ್ಟೇ. ಪಕ್ಕದ ಹೊಲಿಗೆಯಲ್ಲಿ ಅಡ್ಡಗೀರು ಕೂಡಬೇಕು, ಕೂಡದಿದ್ದರೆ ತಪ್ಪು ನಮ್ಮದು. ಆದರೆ ಸೊಂಟಕ್ಕೆ ಸ್ವಲ್ಪ ಒಳಗೆ ತೆಗೆದಿದ್ದರೆ ಉದ್ದಗೀರು ಅಲ್ಲಿ ಹೊಲಿಗೆಗೆ ಓರೆಯಾಗಿ ಓಡಿಯೇ ಓಡುತ್ತದೆ. ಭುಜದ ಪಟ್ಟಿಯನ್ನು ಓರೆಗೆ ಕತ್ತರಿಸಿದರೆ ಚೌಕ ವಜ್ರದ ಆಕಾರಕ್ಕೆ ತಿರುಗಿ, ಕೂಡಿಸುವ ಗೋಜೇ ಇರುವುದಿಲ್ಲ. ಆದರೆ ಓರೆ ತುಂಡಿಗೆ ಬಟ್ಟೆ ಜಾಸ್ತಿ ಬೇಕು, ಎಳೆದರೆ ಹಿಗ್ಗುತ್ತದೆ ಕೂಡ. ಒಳಗಿನ ಪಟ್ಟಿಯನ್ನು ನೇರವಾಗಿಯೇ ಕತ್ತರಿಸಿ, ಬೇಕಾದರೆ ಅದಕ್ಕೆ ಪ್ಲೇನ್ ಬಟ್ಟೆ ಹಾಕಿ, ಚೌಕಳಿಯೂ ಉಳಿಯುತ್ತದೆ.

ಬಟ್ಟೆಯದೇ ದೋಷವಿರುವುದೂ ಉಂಟು. ಕೈಮಗ್ಗದ ಚೌಕಳಿಯಲ್ಲಿ, ನಮ್ಮ ಮೇಲುಕೋಟೆಯ ಬಟ್ಟೆಯಾಗಲಿ ಬೇರೆ ಕಡೆಯದಾಗಲಿ, ಹೊಕ್ಕಿನ ನೂಲನ್ನು ಕೈಯಿಂದ ಬಡಿದು ಕೂರಿಸುತ್ತಾರೆ. ಒಂದು ಚೌಕ 4 ಇಂಚು ಇದ್ದರೆ ಮುಂದಿನದು ಒಂದು ಕೂದಲೆಳೆ ಹೆಚ್ಚೋ ಕಡಿಮೆಯೋ ಇರುತ್ತದೆ. ಇದು ದೋಷ ಎನ್ನುವುದಕ್ಕಿಂತ ಕೈಯ ಗುರುತು. ಅಲ್ಲಿ ಟೇಪಿನ ಲೆಕ್ಕ ಬಟ್ಟೆ ಕೊಳ್ಳುವುದಕ್ಕೆ ಮಾತ್ರ, ಕತ್ತರಿಸುವಾಗ ಕಣ್ಣಳತೆಯೇ ಸರಿ. ಮುಂಭಾಗ ಎರಡನ್ನೂ ಬಟ್ಟೆಯ ಒಂದೇ ಜಾಗದಲ್ಲಿ ಪಕ್ಕಪಕ್ಕ ತೆಗೆಯಿರಿ, ವ್ಯತ್ಯಾಸ ಇಬ್ಬರಿಗೂ ಸಮನಾಗಿ ಹಂಚಿಹೋಗುತ್ತದೆ.

ಅಚ್ಚು ಹಾಕಿದ ಚೌಕಳಿ ಇನ್ನೊಂದು ಥರ. ಹಿಂಬದಿ ಮಾಸಲಾಗಿದ್ದರೆ ಅದು ನೇಯ್ದದ್ದಲ್ಲ, ಅಚ್ಚಿನದು. ಅಡ್ಡಕ್ಕೆ ಒಂದು ನೂಲು ಹಿರಿದು ನೋಡಿ. ಹಿರಿದ ನೂಲಿನ ದಾರಿ ಗೀರಿನ ಜೊತೆಜೊತೆಗೇ ಹೋದರೆ ಸರಿ. ಗೀರು ನೂಲನ್ನು ಬಿಟ್ಟು ಓರೆಗೆ ಓಡಿದ್ದರೆ, ಗೀರಿಗೆ ಸರಿಯಾಗಿ ಕತ್ತರಿಸಿದ ಶರ್ಟು ಒಗೆದ ಮೇಲೆ ತಿರುಚಿಕೊಳ್ಳುತ್ತದೆ, ನೂಲಿಗೆ ಸರಿಯಾಗಿ ಕತ್ತರಿಸಿದರೆ ಗೀರು ವಕ್ರ. ನೇಯ್ದ ಬಟ್ಟೆ ಓರೆಯಾಗಿದ್ದರೆ ಒದ್ದೆ ಮಾಡಿ, ಗಿಡ್ಡವಾದ ಮೂಲೆಗಳನ್ನು ಇಬ್ಬರು ಹಿಡಿದು ಎಳೆದು ಇಸ್ತ್ರಿ ಹಾಕಿದರೆ ನೇರವಾದೀತು. ಅಚ್ಚಿನದು ನೇರವಾಗುವುದಿಲ್ಲ, ಅದನ್ನು ಕತ್ತರಿ ಹಾಕದೆ ವಾಪಸ್ ಕೊಡಿ.

ಗಿರಾಕಿ ಕಡಿಮೆ ಬಟ್ಟೆ ತಂದಾಗ

ಪೇಟೆ ಬೀದಿಯಿಂದ ಬಟ್ಟೆ ಕೊಂಡು ನೇರವಾಗಿ ನಿಮ್ಮ ಮನೆಗೆ ಬಂದ ಗಿರಾಕಿ ಮತ್ತೆ ಅಂಗಡಿಗೆ ಹೋಗಲು ಒಪ್ಪುವುದು ಅಪರೂಪ. ಆಗ ಇರುವ ಬಟ್ಟೆಯನ್ನು ಅವರ ಎದುರಿಗೇ ಹರಡಿ, ಏನು ಕೂಡುತ್ತದೆ ಏನು ಕೂಡುವುದಿಲ್ಲ ಎಂದು ಬೆರಳಿಟ್ಟು ತೋರಿಸಿ. ಮೊದಲು ಕಣ್ಣಿಗೆ ಬೀಳುವುದು ಮುಂಭಾಗದ ನಡು ಮತ್ತು ಜೇಬು. ಇವೆರಡನ್ನು ಎಂದೂ ಬಿಡಬೇಡಿ. ಆಮೇಲೆ ಪಕ್ಕದ ಹೊಲಿಗೆ. ಕೊನೆಗೆ ತೋಳು. ಒಂದು ಮುಕ್ಕಾಲು ಮೀಟರಿನ ಆ ಬಟ್ಟೆಯಲ್ಲೂ ಮುಂಭಾಗ ಪೂರ್ತಿ ಕೂಡಿಸಬಹುದಿತ್ತು. ತೋಳಿನ ನಡುಗೆರೆ ಬಿಟ್ಟುಕೊಡಬೇಕಾಗುತ್ತಿತ್ತು, ಜೇಬಿಗೆ ಸರಿಯಾದ ಚೌಕ ಉಳಿದ ತುಂಡಿನಲ್ಲಿ ಸಿಗದಿದ್ದರೆ ಜೇಬನ್ನೇ ಓರೆಗೆ ಕತ್ತರಿಸಬಹುದಿತ್ತು ಅಥವಾ ಜೇಬಿಲ್ಲದೆ ಹೊಲಿಯಬಹುದಿತ್ತು. ಗಿರಾಕಿ ಒಪ್ಪಿದರೆ ಬಿಲ್ ಪುಸ್ತಕದಲ್ಲಿ ಅಳತೆಯ ಪಕ್ಕದಲ್ಲೇ "ಬಟ್ಟೆ 1.75, ತೋಳು ಕೂಡುವುದಿಲ್ಲ" ಎಂದು ಬರೆದು ಅವರಿಂದ ಸಹಿ ಹಾಕಿಸಿಕೊಳ್ಳಿ.

ಗುತ್ತಲಿನ ಆ ಸಹೋದರಿ ಈಗ ಮಿಷನ್ನಿನ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದಾರೆ. ಒಂದು ಕಡೆ ಪ್ಲೇನ್, ಇನ್ನೊಂದು ಕಡೆ ಚೌಕಳಿ, ಕೆಳಗೆ 36 ಮತ್ತು 58ರ ಅಗಲಕ್ಕೆ ಮೀಟರ್ ಲೆಕ್ಕ. ಉಳಿದ ಆ ಹಳೆಯ ಶರ್ಟನ್ನು ಬಿಚ್ಚಿ ಮಗನಿಗೆ ಹೊಲಿದಿದ್ದಾರೆ. ಚಿಕ್ಕ ಅಳತೆಯಾದ್ದರಿಂದ ಬಟ್ಟೆ ಸಾಕಾಯಿತು, ಜೇಬು ಸಹ ಕೂಡಿತು.